ಅಪ್ಪ ಅಮ್ಮನ ಆರೋಗ್ಯ ವಿಮೆ, ಮಕ್ಕಳಿಗೆ ತೆರಿಗೆ ಕಡಿತ: ಸೆಕ್ಷನ್ 80ಡಿ ಲೆಕ್ಕಾಚಾರ

ಆರೋಗ್ಯ ವಿಮೆಗೆ ಕಟ್ಟಿದ ಪ್ರೀಮಿಯಂ ಅನ್ನು ಒಂದು ಮಿತಿಯವರೆಗೆ ಆದಾಯದಿಂದ ಕಳೆದು ಉಳಿದದ್ದಕ್ಕೆ ಮಾತ್ರ ತೆರಿಗೆ ಕಟ್ಟಲು 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 80ಡಿ ಅವಕಾಶ ಕೊಡುತ್ತದೆ. ಇಲ್ಲಿ ಕಳೆಯುವುದು ಆದಾಯದಿಂದ, ತೆರಿಗೆಯಿಂದಲ್ಲ. 25,000 ರೂಪಾಯಿ ಪ್ರೀಮಿಯಂ ಕಟ್ಟಿದವರಿಗೆ ತೆರಿಗೆಯಲ್ಲಿ 25,000 ರೂಪಾಯಿ ಕಡಿಮೆಯಾಗುವುದಿಲ್ಲ. ಅಷ್ಟು ಆದಾಯಕ್ಕೆ ಬೀಳಬೇಕಿದ್ದ ತೆರಿಗೆ ಮಾತ್ರ ಉಳಿಯುತ್ತದೆ. ಶೇ 4ರ ಸೆಸ್ ಸೇರಿಸಿದರೆ, ಶೇ 20ರ ಹಂತದಲ್ಲಿರುವವರಿಗೆ ಈ ಉಳಿತಾಯ 5,200 ರೂಪಾಯಿ, ಶೇ 30ರ ಹಂತದಲ್ಲಿರುವವರಿಗೆ 7,800 ರೂಪಾಯಿ.

ಈ ಕಡಿತ ಸಿಗುವುದು ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ. 2023-24ರ ಹಣಕಾಸು ವರ್ಷದಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯವಾಗುತ್ತಿದೆ. ಅದರಲ್ಲಿ ತೆರಿಗೆ ದರ ಕಡಿಮೆ, ಆದರೆ 80ಡಿ ಕಡಿತ ಇಲ್ಲ. ಹಾಗಾಗಿ ಪ್ರೀಮಿಯಂ ರಸೀದಿಗಳನ್ನು ಜೋಡಿಸಿಕೊಳ್ಳುವ ಮೊದಲು ಯಾವ ಪದ್ಧತಿಯಲ್ಲಿ ರಿಟರ್ನ್ ಸಲ್ಲಿಸಬೇಕು ಎಂಬುದು ತೀರ್ಮಾನವಾಗಬೇಕು. ಆ ಲೆಕ್ಕವನ್ನು ಮುಂದೆ ಒಂದು ಉದಾಹರಣೆಯೊಂದಿಗೆ ನೋಡಬಹುದು. ಅದಕ್ಕೆ ಮೊದಲು ಮಿತಿಗಳು ಹೇಗೆ ಕೆಲಸ ಮಾಡುತ್ತವೆ ಎಂಬುದು ಸ್ಪಷ್ಟವಾಗಬೇಕು.

ಎರಡು ಪಾಲು, ಎರಡು ಮಿತಿ

80ಡಿ ಕಡಿತದಲ್ಲಿ ಎರಡು ಪಾಲುಗಳಿವೆ. ಮೊದಲನೆಯದು ಸ್ವಂತ ಕುಟುಂಬದ ಪಾಲು. ತೆರಿಗೆದಾರ, ಅವರ ಗಂಡ ಅಥವಾ ಹೆಂಡತಿ, ಅವರನ್ನೇ ಅವಲಂಬಿಸಿರುವ ಮಕ್ಕಳು ಇದರಲ್ಲಿ ಸೇರುತ್ತಾರೆ. ಎರಡನೆಯದು ಹೆತ್ತವರ ಪಾಲು. ತೆರಿಗೆದಾರರ ತಂದೆ ಮತ್ತು ತಾಯಿ ಮಾತ್ರ ಇದರಲ್ಲಿ ಬರುತ್ತಾರೆ.

ಪ್ರತಿ ಪಾಲಿಗೂ ವರ್ಷಕ್ಕೆ 25,000 ರೂಪಾಯಿಯ ಮಿತಿ ಇದೆ. ಆ ಪಾಲಿನಲ್ಲಿ ವಿಮೆ ಪಡೆದವರಲ್ಲಿ ಒಬ್ಬರಾದರೂ ಹಿರಿಯ ನಾಗರಿಕರಾಗಿದ್ದರೆ ಮಿತಿ 50,000 ರೂಪಾಯಿಗೆ ಏರುತ್ತದೆ. ಮನೆಯಲ್ಲಿ ಎಲ್ಲರೂ 60 ವರ್ಷಕ್ಕಿಂತ ಚಿಕ್ಕವರಾಗಿದ್ದರೆ ಎರಡೂ ಪಾಲು ಸೇರಿ ಗರಿಷ್ಠ 50,000 ರೂಪಾಯಿ ಕಡಿತ ಸಿಗುತ್ತದೆ. ಮಗ ಅಥವಾ ಮಗಳಿಗೆ 60 ಆಗಿಲ್ಲ, ಹೆತ್ತವರಿಗೆ ಆಗಿದೆ ಎಂದಾದರೆ ಗರಿಷ್ಠ ಮೊತ್ತ 75,000 ರೂಪಾಯಿ. ಮಗನಿಗೇ 62 ವರ್ಷ, ತಾಯಿಗೆ 85 ವರ್ಷ ಎಂಬಂಥ ಮನೆಗಳಲ್ಲಿ ಅದು ಒಂದು ಲಕ್ಷ ರೂಪಾಯಿ.

ಈ ಮಿತಿಗಳು ಒಂದೇ ಸಲಕ್ಕೆ ಬಂದವಲ್ಲ. ಹೆತ್ತವರಿಗೆಂದು ಪ್ರತ್ಯೇಕ ಕಡಿತ ಬಂದದ್ದು 2008ರ ಬಜೆಟ್‌ನಲ್ಲಿ. 2015ರಲ್ಲಿ ಸಾಮಾನ್ಯ ಮಿತಿ 15,000ದಿಂದ 25,000 ರೂಪಾಯಿಗೂ, ಹಿರಿಯ ನಾಗರಿಕರ ಮಿತಿ 20,000ದಿಂದ 30,000 ರೂಪಾಯಿಗೂ ಏರಿದವು. 2018ರಲ್ಲಿ ಹಿರಿಯರ ಮಿತಿ ಇನ್ನೊಮ್ಮೆ ಏರಿ 50,000 ರೂಪಾಯಿ ಆಯಿತು. 25,000 ರೂಪಾಯಿಯ ಸಾಮಾನ್ಯ ಮಿತಿ ಮಾತ್ರ 2015ರಿಂದ ಹಾಗೆಯೇ ಇದೆ. 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಇದೇ ಕಡಿತ ಸೆಕ್ಷನ್ 126 ಆಗಿ ಮುಂದುವರಿದಿದೆ. 2025-26ರ ಹಣಕಾಸು ವರ್ಷದ ಆದಾಯಕ್ಕೆ ಹಳೆಯ ಕಾಯ್ದೆಯ 80ಡಿಯೇ ಅನ್ವಯಿಸುತ್ತದೆ.

ಒಂದು ಪಾಲಿನಲ್ಲಿ ಉಳಿದ ಮಿತಿಯನ್ನು ಇನ್ನೊಂದಕ್ಕೆ ಸೇರಿಸಿಕೊಳ್ಳಲು ಬರುವುದಿಲ್ಲ. ಉದಾಹರಣೆಗೆ, ಸ್ವಂತ ಕುಟುಂಬಕ್ಕೆ 14,000 ರೂಪಾಯಿ, ಹೆತ್ತವರಿಗೆ 58,000 ರೂಪಾಯಿ ಪ್ರೀಮಿಯಂ ಕಟ್ಟಿದವರಿಗೆ ಸಿಗುವ ಕಡಿತ 64,000 ರೂಪಾಯಿ. ಮೊದಲ ಪಾಲಿನಲ್ಲಿ 11,000 ರೂಪಾಯಿ ಜಾಗ ಖಾಲಿ ಇದ್ದರೂ ಎರಡನೆಯ ಪಾಲಿನಲ್ಲಿ ಮಿತಿ ಮೀರಿದ 8,000 ರೂಪಾಯಿ ಅಲ್ಲಿಗೆ ಹೋಗುವುದಿಲ್ಲ. ಮಿತಿ ಮೀರಿದ ಮೊತ್ತವನ್ನು ಮುಂದಿನ ವರ್ಷಕ್ಕೆ ಒಯ್ಯಲೂ ಆಗದು.

ಯಾರು ಸೇರುತ್ತಾರೆ, ಯಾರು ಸೇರುವುದಿಲ್ಲ

ಹೆತ್ತವರು ಮಗ ಅಥವಾ ಮಗಳನ್ನು ಅವಲಂಬಿಸಿರಬೇಕು ಎಂಬ ಷರತ್ತು ಇಲ್ಲ. ತಂದೆಗೆ ಪಿಂಚಣಿ ಬರುತ್ತಿರಬಹುದು, ತಾಯಿಗೆ ಬ್ಯಾಂಕ್ ಠೇವಣಿಯ ಬಡ್ಡಿ ಇರಬಹುದು, ಅವರು ಬೇರೆ ಊರಿನಲ್ಲಿ ಬೇರೆ ಮನೆ ಮಾಡಿಕೊಂಡಿರಬಹುದು. ಅವರ ಪ್ರೀಮಿಯಂ ಅನ್ನು ಮಕ್ಕಳು ಕಟ್ಟಿದ್ದರೆ ಕಡಿತ ಮಕ್ಕಳಿಗೆ ಸಿಗುತ್ತದೆ. ಸ್ವಂತ ಮಕ್ಕಳ ವಿಷಯದಲ್ಲಿ ನಿಯಮ ಬೇರೆ. ಅವರು ಅವಲಂಬಿತರಾಗಿರಲೇಬೇಕು. ಓದು ಮುಗಿಸಿ ಕೆಲಸಕ್ಕೆ ಸೇರಿ ಸ್ವಂತ ಸಂಪಾದನೆ ಇರುವ ಮಗಳ ಪ್ರೀಮಿಯಂ ಅನ್ನು ತಂದೆ ಕಟ್ಟಿದರೂ ಅದಕ್ಕೆ ಕಡಿತ ಇಲ್ಲ.

ಅತ್ತೆ ಮಾವ ಈ ಲೆಕ್ಕದಲ್ಲಿ ಬರುವುದಿಲ್ಲ. ಅಳಿಯ ಕಟ್ಟಿದ ಮಾವನ ಪ್ರೀಮಿಯಂಗೆ ಅಳಿಯನಿಗೆ ಕಡಿತ ಸಿಗದು. ಅದೇ ಪ್ರೀಮಿಯಂ ಅನ್ನು ಮಗಳು ತನ್ನ ಆದಾಯದಿಂದ ಕಟ್ಟಿದರೆ ಆಕೆಗೆ ಸಿಗುತ್ತದೆ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಇಬ್ಬರಿಗೂ ಪ್ರತ್ಯೇಕ ಮಿತಿಗಳಿವೆ. ಗಂಡ ತನ್ನ ಹೆತ್ತವರ ಪ್ರೀಮಿಯಂ, ಹೆಂಡತಿ ತನ್ನ ಹೆತ್ತವರ ಪ್ರೀಮಿಯಂ ಕಟ್ಟುವುದೇ ಇಲ್ಲಿ ಸರಿಯಾದ ದಾರಿ. ಎಲ್ಲವನ್ನೂ ಒಬ್ಬರ ಖಾತೆಯಿಂದ ಕಟ್ಟಿ ವರ್ಷದ ಕೊನೆಗೆ ಲೆಕ್ಕ ಹಂಚಿಕೊಳ್ಳಲು ಹೋದರೆ, ಅರ್ಧ ಮೊತ್ತಕ್ಕೆ ಕಡಿತವೇ ಇಲ್ಲದಂತಾಗುತ್ತದೆ. ಅಣ್ಣ, ತಂಗಿ, ಅಜ್ಜ, ಅಜ್ಜಿ ಇವರ ವಿಮೆಗೂ ಕಡಿತ ಇಲ್ಲ.

ಇಬ್ಬರು ಮಕ್ಕಳು ಸೇರಿ ಹೆತ್ತವರ ಪ್ರೀಮಿಯಂ ಕಟ್ಟಿದರೆ, ಪ್ರತಿಯೊಬ್ಬರಿಗೂ ತಾವು ಕಟ್ಟಿದಷ್ಟಕ್ಕೆ ಕಡಿತ ಇದೆ. ತಂದೆ ತಾಯಿಯ ಪಾಲಿಸಿಯ ಪ್ರೀಮಿಯಂ 72,000 ರೂಪಾಯಿ ಎಂದಿಟ್ಟುಕೊಳ್ಳೋಣ. ಮಗನೊಬ್ಬನೇ ಕಟ್ಟಿದರೆ 50,000 ರೂಪಾಯಿಗೆ ಮಾತ್ರ ಕಡಿತ, 22,000 ರೂಪಾಯಿಗೆ ಇಲ್ಲ. ಮಗ 40,000 ರೂಪಾಯಿ, ಮಗಳು 32,000 ರೂಪಾಯಿ ತಮ್ಮ ತಮ್ಮ ಖಾತೆಯಿಂದ ಕಟ್ಟಿದರೆ ಪೂರ್ತಿ 72,000 ರೂಪಾಯಿಗೂ ಕಡಿತ ಸಿಗುತ್ತದೆ, ಏಕೆಂದರೆ 50,000 ರೂಪಾಯಿಯ ಮಿತಿ ಪ್ರತಿ ತೆರಿಗೆದಾರರಿಗೂ ಬೇರೆ ಬೇರೆ. ಒಂದೇ ಮೊತ್ತವನ್ನು ಇಬ್ಬರೂ ತೋರಿಸುವಂತಿಲ್ಲ.

ಕೆಲವು ಕಡೆ ಮಕ್ಕಳು, ಸೊಸೆ, ಮೊಮ್ಮಕ್ಕಳು, ಅಜ್ಜ ಅಜ್ಜಿ ಎಲ್ಲರನ್ನೂ ಒಂದೇ ಫ್ಲೋಟರ್ ಪಾಲಿಸಿಗೆ ಸೇರಿಸಿರುತ್ತಾರೆ. ಆಗ ಯಾರ ಪಾಲಿಗೆ ಎಷ್ಟು ಪ್ರೀಮಿಯಂ ಎಂಬ ವಿಂಗಡಣೆಯನ್ನು ವಿಮಾ ಕಂಪನಿಯಿಂದ ಬರಹದಲ್ಲಿ ಪಡೆಯಬೇಕು. ವಿಂಗಡಣೆ ಇಲ್ಲದೆ ಇಡೀ ಮೊತ್ತವನ್ನು ಹೆತ್ತವರ ಪಾಲಿಗೆ ಹಾಕುವುದು ತಪ್ಪು ಲೆಕ್ಕವಾಗುತ್ತದೆ. ಹೆತ್ತವರಿಗೆ ಪ್ರತ್ಯೇಕ ಪಾಲಿಸಿ ಇದ್ದರೆ ಈ ತೊಡಕೇ ಇರುವುದಿಲ್ಲ.

ಹಿರಿಯ ನಾಗರಿಕ ಎಂದರೆ ಯಾರು

ಹಣಕಾಸು ವರ್ಷದ ಯಾವುದೇ ದಿನ 60 ವರ್ಷ ತುಂಬಿದರೂ ಆ ಇಡೀ ವರ್ಷಕ್ಕೆ ಅವರು ಹಿರಿಯ ನಾಗರಿಕರೇ. ತಾಯಿಗೆ 2026ರ ಮಾರ್ಚ್ 20ರಂದು 60 ತುಂಬಿದ್ದರೆ, 2025ರ ಜೂನ್‌ನಲ್ಲಿ ಕಟ್ಟಿದ ಪ್ರೀಮಿಯಂಗೂ 50,000 ರೂಪಾಯಿಯ ಮಿತಿಯೇ ಅನ್ವಯಿಸುತ್ತದೆ. ಪ್ರೀಮಿಯಂ ಕಟ್ಟಿದ ದಿನದ ವಯಸ್ಸು ಮುಖ್ಯವಲ್ಲ.

ವಯಸ್ಸಿನ ಜೊತೆಗೆ ಇನ್ನೊಂದು ಷರತ್ತು ಇದೆ. ಆ ವ್ಯಕ್ತಿ ತೆರಿಗೆ ಕಾಯ್ದೆಯ ಪ್ರಕಾರ ಭಾರತದ ನಿವಾಸಿಯಾಗಿರಬೇಕು. ಅಮೆರಿಕದಲ್ಲಿ ಕೆಲಸ ಮಾಡುತ್ತ, ಇಲ್ಲಿ ಬಾಡಿಗೆ ಆದಾಯ ಇರುವ ಮಗ ಮೈಸೂರಿನಲ್ಲಿರುವ 70 ವರ್ಷದ ತಂದೆಗೆ ಪ್ರೀಮಿಯಂ ಕಟ್ಟಿದರೆ ಭಾರತದ ಆದಾಯದಿಂದ 50,000 ರೂಪಾಯಿವರೆಗೆ ಕಳೆಯಬಹುದು. ತಂದೆ ಇಲ್ಲಿನ ನಿವಾಸಿ, ಆದ್ದರಿಂದ ಹಿರಿಯ ನಾಗರಿಕರ ಮಿತಿ. ಆದರೆ ಅದೇ ತಂದೆ ಮಗನ ಜೊತೆ ವಿದೇಶದಲ್ಲಿ ನೆಲೆಸಿ ಅನಿವಾಸಿಯಾಗಿದ್ದರೆ, ವಯಸ್ಸು 70 ಆದರೂ ಮಿತಿ 25,000 ರೂಪಾಯಿಯೇ.

ವಿಮೆಯೇ ಸಿಗದ ಹಿರಿಯರಿಗೆ

ಎಪ್ಪತ್ತು ದಾಟಿದ, ಹೃದ್ರೋಗ ಅಥವಾ ಕಿಡ್ನಿ ತೊಂದರೆ ಇರುವ ಹಿರಿಯರಿಗೆ ಕಂಪನಿಗಳು ಪಾಲಿಸಿ ನಿರಾಕರಿಸುವುದುಂಟು. ಕೊಟ್ಟರೂ ಪ್ರೀಮಿಯಂ ಕೈಗೆಟುಕದಷ್ಟು ಇರಬಹುದು. ಇಂಥವರಿಗಾಗಿ ಕಾನೂನಿನಲ್ಲಿ ಒಂದು ದಾರಿ ಇದೆ. ಹಿರಿಯ ನಾಗರಿಕರ ಆರೋಗ್ಯಕ್ಕೆ ಯಾವುದೇ ವಿಮೆ ಇಲ್ಲದಿದ್ದರೆ, ಅವರ ಚಿಕಿತ್ಸೆಗೆ ಮಾಡಿದ ವೆಚ್ಚವನ್ನೇ ಪ್ರೀಮಿಯಂ ಜಾಗದಲ್ಲಿ ತೋರಿಸಬಹುದು. 2015ರಲ್ಲಿ ಇದು 80 ದಾಟಿದವರಿಗೆ ಮಾತ್ರ ಇತ್ತು. 2018ರ ತಿದ್ದುಪಡಿಯ ನಂತರ 60 ತುಂಬಿದ ಎಲ್ಲ ನಿವಾಸಿಗಳಿಗೂ ಅನ್ವಯವಾಯಿತು.

ಚಿಕಿತ್ಸಾ ವೆಚ್ಚ ಎಂದರೆ ಏನೇನು ಎಂಬುದನ್ನು ಕಾಯ್ದೆ ಪಟ್ಟಿ ಮಾಡಿಲ್ಲ. ವೈದ್ಯರ ಶುಲ್ಕ, ಔಷಧಿ, ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಆಸ್ಪತ್ರೆಯ ಬಿಲ್ಲು ಇವುಗಳನ್ನು ರೂಢಿಯಲ್ಲಿ ತೋರಿಸುತ್ತಾರೆ. ತಿಂಗಳಿಗೆ 2,500 ರೂಪಾಯಿಯ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳೇ ವರ್ಷಕ್ಕೆ 30,000 ರೂಪಾಯಿ ಆಗುತ್ತವೆ. ಆ ಬಿಲ್ಲುಗಳನ್ನು ರೋಗಿಯ ಹೆಸರಿನಲ್ಲಿ ಪಡೆದು, ಡಾಕ್ಟರ್ ಚೀಟಿಯ ಜೊತೆ ಇಟ್ಟುಕೊಂಡವರಿಗೆ ಲಾಭ.

ಈ ವೆಚ್ಚಕ್ಕೆ ಬೇರೆ ಮಿತಿ ಇಲ್ಲ. ಅದೇ 50,000 ರೂಪಾಯಿಯೊಳಗೆ ಪ್ರೀಮಿಯಂ, ಚಿಕಿತ್ಸಾ ವೆಚ್ಚ ಎರಡೂ ಹೊಂದಬೇಕು. ವಿಮೆ ಇಲ್ಲ ಎಂಬ ಷರತ್ತನ್ನು ಪ್ರತಿ ವ್ಯಕ್ತಿಗೂ ಬೇರೆ ಬೇರೆಯಾಗಿ ನೋಡಲಾಗುತ್ತದೆ. ತಾಯಿಗೆ ವಿಮೆ ಇದೆ, ತಂದೆಗೆ ಇಲ್ಲ ಎಂದಾದರೆ ತಾಯಿಯ ಪ್ರೀಮಿಯಂ ಮತ್ತು ತಂದೆಯ ಚಿಕಿತ್ಸಾ ವೆಚ್ಚ ಎರಡನ್ನೂ ಕೂಡಿಸಿ 50,000 ರೂಪಾಯಿವರೆಗೆ ಕಳೆಯಬಹುದು. ಆದರೆ ವಿಮೆ ಇರುವ ತಾಯಿಯ ಔಷಧಿ ಬಿಲ್ಲನ್ನು ಸೇರಿಸುವಂತಿಲ್ಲ, ವಿಮಾ ಕಂಪನಿ ಆ ಬಿಲ್ಲನ್ನು ಕೊಡದಿದ್ದರೂ ಸಹ.

ಆರೋಗ್ಯ ತಪಾಸಣೆಯ 5,000 ರೂಪಾಯಿ

ಕಾಯಿಲೆ ಬರುವ ಮುನ್ನವೇ ಮಾಡಿಸುವ ಆರೋಗ್ಯ ತಪಾಸಣೆಗೆ, ಅಂದರೆ ವರ್ಷಕ್ಕೊಮ್ಮೆ ಮಾಡಿಸುವ ಪೂರ್ಣ ದೇಹ ತಪಾಸಣೆಗೆ ಕೊಟ್ಟ ಹಣಕ್ಕೂ ಕಡಿತ ಇದೆ. ಇದಕ್ಕೆ ಗರಿಷ್ಠ 5,000 ರೂಪಾಯಿ. ಇದರಲ್ಲಿ ಎರಡು ತಪ್ಪುಗಳು ಪದೇ ಪದೇ ಆಗುತ್ತವೆ. ಮೊದಲನೆಯದು, ಇದನ್ನು 25,000 ಅಥವಾ 50,000 ರೂಪಾಯಿಯ ಮೇಲೆ ಸಿಗುವ ಹೆಚ್ಚುವರಿ ಮೊತ್ತ ಎಂದುಕೊಳ್ಳುವುದು. ಇದು ಆ ಮಿತಿಗಳ ಒಳಗೇ ಸೇರಿದ್ದು. ಪ್ರೀಮಿಯಂ ಒಂದೇ 25,000 ರೂಪಾಯಿ ಮುಟ್ಟಿದ್ದರೆ ಸ್ವಂತ ಕುಟುಂಬದ ಪಾಲಿನಲ್ಲಿ ತಪಾಸಣೆಗೆ ಜಾಗವೇ ಉಳಿದಿರುವುದಿಲ್ಲ. ಎರಡನೆಯದು, ಸ್ವಂತಕ್ಕೆ 5,000, ಹೆತ್ತವರಿಗೆ ಇನ್ನೊಂದು 5,000 ಎಂದು ಎರಡು ಬಾರಿ ಕಳೆಯುವುದು. ಎರಡೂ ಪಾಲು ಸೇರಿ ಒಟ್ಟು 5,000 ರೂಪಾಯಿ ಮಾತ್ರ.

ಹಣ ಕಟ್ಟುವ ರೀತಿ

ಪ್ರೀಮಿಯಂ ಅನ್ನು ನಗದಾಗಿ ಕಟ್ಟಿದರೆ ಕಡಿತ ಇಲ್ಲ. ಚೆಕ್, ಯುಪಿಐ, ಕಾರ್ಡ್, ನೆಟ್ ಬ್ಯಾಂಕಿಂಗ್ ಯಾವುದಾದರೂ ಸರಿ. ಏಜೆಂಟರ ಕೈಗೆ ನೋಟು ಕೊಟ್ಟು, ಅವರು ತಮ್ಮ ಖಾತೆಯಿಂದ ಕಂಪನಿಗೆ ಕಟ್ಟಿದ್ದರೆ, ತೆರಿಗೆದಾರರು ಬ್ಯಾಂಕ್ ಮೂಲಕ ಕಟ್ಟಿದ್ದಕ್ಕೆ ದಾಖಲೆ ಇರುವುದಿಲ್ಲ. ಹಿರಿಯರ ಚಿಕಿತ್ಸಾ ವೆಚ್ಚಕ್ಕೂ ಇದೇ ನಿಯಮ. ಮೆಡಿಕಲ್ ಸ್ಟೋರಿನಲ್ಲಿ ನಗದು ಕೊಟ್ಟು ತಂದ ಮಾತ್ರೆಯ ಬಿಲ್ಲು ಲೆಕ್ಕಕ್ಕೆ ಬರುವುದಿಲ್ಲ. ನಗದಿಗೆ ಅವಕಾಶ ಇರುವುದು ಆರೋಗ್ಯ ತಪಾಸಣೆಗೆ ಮಾತ್ರ.

ಹಣ ಯಾರ ಖಾತೆಯಿಂದ ಹೋಯಿತು ಎಂಬುದೂ ಮುಖ್ಯ. ತಂದೆಯ ಖಾತೆಯಿಂದ ಪ್ರೀಮಿಯಂ ಹೋಗಿದ್ದರೆ ಅದು ತಂದೆ ಕಟ್ಟಿದ್ದು. ಮಗ ಆ ಹಣವನ್ನು ತಂದೆಗೆ ಕೈಯಲ್ಲಿ ಕೊಟ್ಟಿದ್ದೇನೆ ಎಂದರೆ ದಾಖಲೆ ಹೊಂದುವುದಿಲ್ಲ. ಸಂಬಳದಿಂದ ಕಂಪನಿ ಕಡಿದುಕೊಂಡು ಕಟ್ಟಿದ ಗುಂಪು ವಿಮೆಯ ಪ್ರೀಮಿಯಂ ನೌಕರರು ಕಟ್ಟಿದ್ದೇ ಆಗುತ್ತದೆ, ಅದಕ್ಕೆ ಕಡಿತ ಇದೆ. ಕಂಪನಿಯೇ ತನ್ನ ಹಣದಿಂದ ಕಟ್ಟಿದ್ದರೆ ನೌಕರರಿಗೆ ಕಡಿತ ಇಲ್ಲ. ಸಂಬಳದ ಚೀಟಿಯಲ್ಲಿ ಕಡಿತದ ಸಾಲು ಇದೆಯೇ ಎಂದು ನೋಡಿದರೆ ಇದು ತಿಳಿಯುತ್ತದೆ.

ಯಾವ ವರ್ಷಕ್ಕೆ ಕಡಿತ ಎಂಬುದು ಹಣ ಕಟ್ಟಿದ ದಿನದ ಮೇಲೆ ನಿಂತಿದೆ. 2026ರ ಮಾರ್ಚ್ 30ರಂದು ಕಟ್ಟಿದ ಪ್ರೀಮಿಯಂ 2025-26ಕ್ಕೆ ಸೇರುತ್ತದೆ, ವಿಮೆಯ ರಕ್ಷಣೆ ಏಪ್ರಿಲ್‌ನಿಂದ ಶುರುವಾದರೂ ಸಹ. ಆದರೆ ಎರಡು ಮೂರು ವರ್ಷದ ಪ್ರೀಮಿಯಂ ಅನ್ನು ಒಟ್ಟಿಗೆ ಕಟ್ಟಿದವರಿಗೆ ನಿಯಮ ಬೇರೆ. 2018ರಿಂದ ಆ ಮೊತ್ತವನ್ನು ಹಣ ಕಟ್ಟಿದ ವರ್ಷವೂ ಸೇರಿ ವಿಮೆ ಜಾರಿಯಲ್ಲಿರುವ ಎಲ್ಲ ಹಣಕಾಸು ವರ್ಷಗಳಿಗೂ ಸಮನಾಗಿ ಹಂಚಬೇಕು. ಇಲ್ಲಿ ಎಣಿಸಬೇಕಾದದ್ದು ಪಾಲಿಸಿಯ ವರ್ಷಗಳನ್ನಲ್ಲ, ಹಣಕಾಸು ವರ್ಷಗಳನ್ನು. 2025ರ ಅಕ್ಟೋಬರ್ 15ರಂದು ಶುರುವಾದ ಎರಡು ವರ್ಷದ ಪಾಲಿಸಿ 2027ರ ಅಕ್ಟೋಬರ್‌ವರೆಗೆ ಇರುತ್ತದೆ. ಅಂದರೆ ಅದು 2025-26, 2026-27, 2027-28 ಈ ಮೂರು ಹಣಕಾಸು ವರ್ಷಗಳಲ್ಲಿ ಜಾರಿಯಲ್ಲಿರುತ್ತದೆ. ಅದಕ್ಕೆ ಕಟ್ಟಿದ 66,000 ರೂಪಾಯಿಯನ್ನು ಮೂರರಿಂದ ಭಾಗಿಸಿ, ವರ್ಷಕ್ಕೆ 22,000 ರೂಪಾಯಿಯಂತೆ ತೋರಿಸಬೇಕು. ಪ್ರತಿ ವರ್ಷವೂ ಆ ವರ್ಷದ ಮಿತಿಯೊಳಗೇ ಇದು ಬರಬೇಕು.

ಒಂದು ಮನೆಯ ಲೆಕ್ಕ

ಇವೆಲ್ಲ ಒಟ್ಟಿಗೆ ಹೇಗೆ ಹೊಂದುತ್ತವೆ ಎಂಬುದನ್ನು ಒಂದು ಮಾದರಿ ಕುಟುಂಬದ ಮೂಲಕ ನೋಡಬಹುದು. ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದುಕೊಂಡು ಕೆಲಸ ಮಾಡುವ 42 ವರ್ಷದ ನೌಕರರೊಬ್ಬರು. ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು ಜೊತೆಗಿದ್ದಾರೆ. 71 ವರ್ಷದ ತಂದೆ, 66 ವರ್ಷದ ತಾಯಿ ಹುಬ್ಬಳ್ಳಿಯ ಸ್ವಂತ ಮನೆಯಲ್ಲಿದ್ದಾರೆ. ಆ ಮನೆಯ ಸಾಲವನ್ನು ಮಗ ತೀರಿಸುತ್ತಿದ್ದಾರೆ. 2025-26ರಲ್ಲಿ ಮಗ ಮಾಡಿದ ಖರ್ಚು ಹೀಗಿದೆ. ತನ್ನ, ಹೆಂಡತಿ ಮಕ್ಕಳ ಫ್ಲೋಟರ್ ಪಾಲಿಸಿಗೆ 21,600 ರೂಪಾಯಿ. ತಮ್ಮಿಬ್ಬರ ಆರೋಗ್ಯ ತಪಾಸಣೆಗೆ 6,200 ರೂಪಾಯಿ. ತಾಯಿಯ ಪಾಲಿಸಿಗೆ 31,000 ರೂಪಾಯಿ. ತಂದೆಗೆ ಹೃದಯದ ಶಸ್ತ್ರಚಿಕಿತ್ಸೆ ಆಗಿದ್ದರಿಂದ ವಿಮೆ ಸಿಕ್ಕಿಲ್ಲ. ಅವರ ಔಷಧಿ, ಪರೀಕ್ಷೆಗಳಿಗೆ 19,500 ರೂಪಾಯಿ ಆಗಿದೆ. ಅದರಲ್ಲಿ 16,500 ರೂಪಾಯಿಯನ್ನು ಮಗ ಯುಪಿಐ ಮೂಲಕ ಕಟ್ಟಿದ್ದಾರೆ, 3,000 ರೂಪಾಯಿ ನಗದು. ತಾಯಿಯ ಪೂರ್ಣ ದೇಹ ತಪಾಸಣೆಗೆ 2,800 ರೂಪಾಯಿ.

ಸ್ವಂತ ಕುಟುಂಬದ ಪಾಲಿನಿಂದ ಶುರು ಮಾಡೋಣ. ಪ್ರೀಮಿಯಂ 21,600 ರೂಪಾಯಿ ಪೂರ್ತಿ ಬರುತ್ತದೆ. 25,000 ರೂಪಾಯಿಯ ಮಿತಿಯಲ್ಲಿ ಉಳಿದದ್ದು 3,400 ರೂಪಾಯಿ. ತಪಾಸಣೆಗೆ 6,200 ರೂಪಾಯಿ ಖರ್ಚಾಗಿದ್ದರೂ ಇಲ್ಲಿ 3,400 ರೂಪಾಯಿ ಮಾತ್ರ ಸೇರುತ್ತದೆ. ಮೊದಲ ಪಾಲು 25,000 ರೂಪಾಯಿಗೆ ಭರ್ತಿಯಾಯಿತು.

ಈಗ ಹೆತ್ತವರ ಪಾಲು. ತಾಯಿಯ ಪ್ರೀಮಿಯಂ 31,000 ರೂಪಾಯಿ. ತಂದೆಗೆ ವಿಮೆ ಇಲ್ಲದ್ದರಿಂದ ಯುಪಿಐನಲ್ಲಿ ಕಟ್ಟಿದ 16,500 ರೂಪಾಯಿ ಸೇರುತ್ತದೆ, ನಗದಿನ 3,000 ಬಿಟ್ಟುಹೋಗುತ್ತದೆ. ಎರಡೂ ಸೇರಿ 47,500 ರೂಪಾಯಿ. ತಪಾಸಣೆಯ 5,000 ರೂಪಾಯಿಯಲ್ಲಿ 3,400 ಆಗಲೇ ಮೊದಲ ಪಾಲಿನಲ್ಲಿ ಬಳಕೆಯಾಗಿದೆ. ಉಳಿದದ್ದು 1,600 ರೂಪಾಯಿ. ತಾಯಿಯ ತಪಾಸಣೆಯ 2,800 ರೂಪಾಯಿಯಲ್ಲಿ ಅಷ್ಟನ್ನು ಮಾತ್ರ ಇಲ್ಲಿ ತೋರಿಸಬಹುದು. ಹೆತ್ತವರ ಪಾಲು 49,100 ರೂಪಾಯಿ ಆಯಿತು. ಒಟ್ಟು ಖರ್ಚು 81,100 ರೂಪಾಯಿ, ಕಡಿತ ಸಿಗುವುದು 74,100 ರೂಪಾಯಿಗೆ.

ಹಳೆಯ ಪದ್ಧತಿಯೇ, ಹೊಸದೇ

ಇದೇ ನೌಕರರ ವಾರ್ಷಿಕ ಸಂಬಳ 15 ಲಕ್ಷ ರೂಪಾಯಿ ಎಂದಿಟ್ಟುಕೊಂಡು, ಲೆಕ್ಕ ಸುಲಭವಾಗಲೆಂದು ವೃತ್ತಿ ತೆರಿಗೆಯನ್ನು ಬಿಟ್ಟು ನೋಡೋಣ. ಹೊಸ ಪದ್ಧತಿಯಲ್ಲಿ 75,000 ರೂಪಾಯಿಯ ಪ್ರಮಾಣಿತ ಕಡಿತ ಕಳೆದರೆ 14,25,000 ರೂಪಾಯಿಗೆ ತೆರಿಗೆ. 2025-26ರ ದರದಂತೆ ಅದು 93,750 ರೂಪಾಯಿ, ಸೆಸ್ ಸೇರಿ 97,500 ರೂಪಾಯಿ.

ಹಳೆಯ ಪದ್ಧತಿಯಲ್ಲಿ ಇವರಿಗೆ 50,000 ರೂಪಾಯಿ ಪ್ರಮಾಣಿತ ಕಡಿತ, ಪಿಎಫ್ ಮೊದಲಾದವಕ್ಕೆ 80ಸಿ ಅಡಿ 1,50,000, ಹುಬ್ಬಳ್ಳಿ ಮನೆಯ ಸಾಲದ ಬಡ್ಡಿಗೆ 2,00,000, ಬೆಂಗಳೂರಿನ ಬಾಡಿಗೆಯ ಎಚ್‌ಆರ್‌ಎ ವಿನಾಯಿತಿ 2,40,000 ರೂಪಾಯಿ ಇವೆ ಎನ್ನೋಣ. ಇದಕ್ಕೆ 80ಡಿಯ 74,100 ಸೇರಿಸಿದರೆ ಕಡಿತಗಳ ಮೊತ್ತ 7,14,100 ರೂಪಾಯಿ. ಉಳಿದ 7,85,900 ರೂಪಾಯಿಗೆ ತೆರಿಗೆ 69,680 ರೂಪಾಯಿ, ಸೆಸ್ ಸೇರಿ ಸುಮಾರು 72,470 ರೂಪಾಯಿ. ಹೊಸ ಪದ್ಧತಿಗಿಂತ ಸುಮಾರು 25,000 ರೂಪಾಯಿ ಕಡಿಮೆ. ಅದರಲ್ಲಿ 80ಡಿಯ ಕೊಡುಗೆ ಸುಮಾರು 15,400 ರೂಪಾಯಿ, ಏಕೆಂದರೆ ಉಳಿದ ಕಡಿತಗಳ ನಂತರ ಇವರು ಶೇ 20ರ ಹಂತಕ್ಕೆ ಇಳಿದಿದ್ದಾರೆ.

ಮನೆ ಸಾಲವಾಗಲಿ ಬಾಡಿಗೆಯಾಗಲಿ ಇಲ್ಲದಿದ್ದರೆ ಚಿತ್ರ ತಿರುಗುತ್ತದೆ. ಪ್ರಮಾಣಿತ ಕಡಿತ, 80ಸಿ, 80ಡಿ ಮೂರೇ ಇದ್ದರೆ ಹಳೆಯ ಪದ್ಧತಿಯ ತೆರಿಗೆ 1,87,480 ರೂಪಾಯಿ ಆಗುತ್ತದೆ. ಆಗ ಹೊಸ ಪದ್ಧತಿಯೇ ಲಾಭ, 80ಡಿಯನ್ನು ಮರೆಯುವುದೇ ಸರಿ. 15 ಲಕ್ಷ ರೂಪಾಯಿ ಸಂಬಳಕ್ಕೆ ಎರಡೂ ಪದ್ಧತಿಗಳ ತೆರಿಗೆ ಸಮನಾಗುವುದು ಹಳೆಯ ಪದ್ಧತಿಯ ಕಡಿತಗಳು, ಪ್ರಮಾಣಿತ ಕಡಿತವೂ ಸೇರಿ, 5,93,750 ರೂಪಾಯಿ ಮುಟ್ಟಿದಾಗ. ಅದಕ್ಕಿಂತ ಹೆಚ್ಚಾದರೆ ಮಾತ್ರ ಹಳೆಯದು ಲಾಭ. ಸಂಬಳ ಬದಲಾದರೆ ಈ ಗಡಿಯೂ ಬದಲಾಗುತ್ತದೆ. ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿರುವ ಲೆಕ್ಕ ಸಾಧನದಲ್ಲಿ ತಮ್ಮದೇ ಅಂಕಿಗಳನ್ನು ಹಾಕಿ ನೋಡಿದರೆ ಉತ್ತರ ಸಿಗುತ್ತದೆ.

ರಿಟರ್ನ್‌ನಲ್ಲಿ ತೋರಿಸುವುದು

ನೌಕರರು ಹಳೆಯ ಪದ್ಧತಿ ಬೇಕೆಂದು ಕಚೇರಿಗೆ ತಿಳಿಸಿ, ವರ್ಷದ ಕೊನೆಯ ತಿಂಗಳುಗಳಲ್ಲಿ ಕೇಳುವ ದಾಖಲೆಗಳ ಜೊತೆ ಪ್ರೀಮಿಯಂ ಪ್ರಮಾಣಪತ್ರ ಕೊಟ್ಟರೆ ಸಂಬಳದಿಂದ ಕಡಿಯುವ ಟಿಡಿಎಸ್ ಆಗಲೇ ಕಡಿಮೆಯಾಗುತ್ತದೆ. ಆ ಗಡುವು ತಪ್ಪಿದರೂ ಕಡಿತ ತಪ್ಪುವುದಿಲ್ಲ. ಫಾರಂ 16ರಲ್ಲಿ ಇಲ್ಲದಿದ್ದರೂ ರಿಟರ್ನ್‌ನಲ್ಲಿ ನೇರವಾಗಿ ತೋರಿಸಿ ಹೆಚ್ಚು ಕಟ್ಟಿದ ತೆರಿಗೆಯನ್ನು ಮರಳಿ ಪಡೆಯಬಹುದು. ಆದರೆ ಹಳೆಯ ಪದ್ಧತಿಯನ್ನು ಆರಿಸಿಕೊಳ್ಳಲು ರಿಟರ್ನ್ ಗಡುವಿನೊಳಗೇ ಸಲ್ಲಿಕೆಯಾಗಬೇಕು. ತಡವಾದರೆ ಹೊಸ ಪದ್ಧತಿಯೇ ಗತಿ, 80ಡಿ ಕೈತಪ್ಪುತ್ತದೆ. ವ್ಯಾಪಾರ ಅಥವಾ ವೃತ್ತಿಯ ಆದಾಯ ಇರುವವರು ಇದಕ್ಕೆ ಫಾರಂ 10-ಐಇಎ ಸಲ್ಲಿಸಬೇಕು.

ಈಗ ರಿಟರ್ನ್‌ನ 80ಡಿ ಪಟ್ಟಿಯಲ್ಲಿ ಮೊತ್ತ ಬರೆದರೆ ಸಾಲದು. ವಿಮಾ ಕಂಪನಿಯ ಹೆಸರು, ಪಾಲಿಸಿ ಸಂಖ್ಯೆಯನ್ನೂ ತುಂಬಬೇಕು. ಸ್ವಂತ ಕುಟುಂಬದ ಪಾಲಿಗೂ ಹೆತ್ತವರ ಪಾಲಿಗೂ ಪ್ರತ್ಯೇಕ ಸಾಲುಗಳಿವೆ. ಪ್ರತಿ ಪಾಲಿನಲ್ಲೂ ಹಿರಿಯ ನಾಗರಿಕರು ಇದ್ದಾರೆಯೇ ಎಂಬ ಪ್ರಶ್ನೆ ಮೊದಲು ಬರುತ್ತದೆ. ಅಲ್ಲಿ ‘ಇಲ್ಲ’ ಎಂದು ಒತ್ತಿಬಿಟ್ಟರೆ 50,000 ರೂಪಾಯಿ ಹಾಕಿದರೂ ಮಿತಿ 25,000ಕ್ಕೆ ನಿಂತುಬಿಡುತ್ತದೆ. ಬಿಲ್ಲು ರಸೀದಿಗಳನ್ನು ರಿಟರ್ನ್ ಜೊತೆ ಲಗತ್ತಿಸುವ ಅಗತ್ಯ ಇಲ್ಲ, ಆದರೆ ಇಲಾಖೆ ಕೇಳಿದಾಗ ತೋರಿಸಬೇಕಾಗುತ್ತದೆ.

ಇಟ್ಟುಕೊಳ್ಳಬೇಕಾದ ಕಾಗದಗಳು ಹೆಚ್ಚಿಲ್ಲ. ವಿಮಾ ಕಂಪನಿ ಕೊಡುವ 80ಡಿ ಪ್ರಮಾಣಪತ್ರದಲ್ಲಿ ಹಣ ಕಟ್ಟಿದವರ ಹೆಸರು, ವಿಮೆ ಪಡೆದವರ ಹೆಸರು ಮತ್ತು ವಯಸ್ಸು, ಕಟ್ಟಿದ ರೀತಿ, ದಿನಾಂಕ ಎಲ್ಲವೂ ಇರುತ್ತವೆ. ಪಾಲಿಸಿ ತಂದೆಯ ಹೆಸರಿನಲ್ಲಿದ್ದು ಮಗ ಹಣ ಕಟ್ಟಿದ್ದರೆ, ಮಗನ ಬ್ಯಾಂಕ್ ಖಾತೆಯ ವಿವರಪಟ್ಟಿಯನ್ನೂ ಅದರ ಜೊತೆ ಇಟ್ಟುಕೊಳ್ಳಬೇಕು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇ 18ರ ಜಿಎಸ್‌ಟಿ ರದ್ದಾಗಿದೆ. ಹಾಗಾಗಿ ಆ ವರ್ಷ ಮೊದಲು ಕಟ್ಟಿದ ಪ್ರೀಮಿಯಂನ ರಸೀದಿಗೂ ನಂತರದ ರಸೀದಿಗೂ ಮೊತ್ತದಲ್ಲಿ ವ್ಯತ್ಯಾಸ ಕಾಣುವುದು ಸಹಜ. ಹಳೆಯ ವರ್ಷದ ಅಂಕಿಯನ್ನೇ ಮತ್ತೆ ತುಂಬದೆ ಆಯಾ ವರ್ಷದ ಪ್ರಮಾಣಪತ್ರ ನೋಡಿ ಬರೆಯಬೇಕು.

ಕಟ್ಟದ ಪ್ರೀಮಿಯಂ ಅನ್ನು ಕಟ್ಟಿದ್ದೆಂದು ತೋರಿಸಿ ಮರುಪಾವತಿ ಪಡೆದವರಿಗೆ ಇಲಾಖೆ ನೋಟಿಸ್ ಕಳಿಸಿದರೆ, ಆ ತೆರಿಗೆಯನ್ನು ಬಡ್ಡಿಸಹಿತ ಕಟ್ಟಬೇಕಾಗುತ್ತದೆ. ಆದಾಯವನ್ನು ಕಡಿಮೆ ತೋರಿಸಿದ್ದಕ್ಕೆ ಆ ತೆರಿಗೆಯ ಶೇ 50ರಷ್ಟು, ಸುಳ್ಳು ವಿವರ ಕೊಟ್ಟದ್ದು ಸಾಬೀತಾದರೆ ಶೇ 200ರಷ್ಟು ದಂಡಕ್ಕೆ ಕಾಯ್ದೆಯಲ್ಲಿ ಅವಕಾಶ ಇದೆ. ಗೊತ್ತಿಲ್ಲದೆ ತಪ್ಪು ಮೊತ್ತ ತುಂಬಿದವರು ನೋಟಿಸ್ ಬರುವ ತನಕ ಕಾಯಬೇಕಿಲ್ಲ. ಕಾಲಮಿತಿಯೊಳಗೆ ಪರಿಷ್ಕೃತ ರಿಟರ್ನ್ ಸಲ್ಲಿಸಿ, ಕಡಿಮೆ ಬಿದ್ದ ತೆರಿಗೆ ಕಟ್ಟಿ ಅದನ್ನು ಸರಿಪಡಿಸಿಕೊಳ್ಳಬಹುದು.